ಸುದ್ದಿಮನೆಗಳಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಸಂಪಾದಕೀಯ ಪರಿಶೀಲನೆ

ಸುದ್ದಿಮನೆಗಳಲ್ಲಿ ವರದಿಯ ಕರಡು ಸಿದ್ಧಪಡಿಸಲು ಹಾಗೂ ದೀರ್ಘ ಬರಹಗಳ ಸಾರಾಂಶ ತಯಾರಿಸಲು ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಬಳಕೆಯಾಗುತ್ತಿವೆ. ಈ ಮಾದರಿಗಳು ಮುಂದೆ ಬರಬಹುದಾದ ಪದವನ್ನು ಊಹಿಸುತ್ತ ವಾಕ್ಯ ರಚಿಸುತ್ತವೆ. ಆದ್ದರಿಂದ ವಾಕ್ಯವು ಸುಲಲಿತವಾಗಿದ್ದರೂ ಅದರಲ್ಲಿನ ಸಂಗತಿ ತಪ್ಪಾಗಿರಬಹುದು.

ಸಿನೆಟ್ ಪ್ರಕರಣ

ಅಮೆರಿಕದ ತಂತ್ರಜ್ಞಾನ ಸುದ್ದಿ ಜಾಲತಾಣವಾದ ಸಿನೆಟ್, 2022ರ ನವೆಂಬರ್‌ನಿಂದ ಹಣಕಾಸು ವಿಷಯದ ವಿವರಣಾತ್ಮಕ ಲೇಖನಗಳನ್ನು ಇಂತಹ ಸಾಧನದಿಂದ ಬರೆಸಿ ಪ್ರಕಟಿಸಿತು. ಇದು 2023ರ ಜನವರಿಯಲ್ಲಿ ಬೆಳಕಿಗೆ ಬಂದ ಬಳಿಕ ನಡೆದ ಮರುಪರಿಶೀಲನೆಯಲ್ಲಿ 77 ಲೇಖನಗಳ ಪೈಕಿ 41ಕ್ಕೆ ತಿದ್ದುಪಡಿ ಹಾಕಬೇಕಾಯಿತು. ಈ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು.

ಚಕ್ರಬಡ್ಡಿ ಕುರಿತ ಒಂದು ಲೇಖನವು, ಶೇ. 3ರ ಬಡ್ಡಿಯಲ್ಲಿ 10,000 ಡಾಲರ್ ಠೇವಣಿಯಿಟ್ಟರೆ ಮೊದಲ ವರ್ಷದ ಕೊನೆಗೆ 10,300 ಡಾಲರ್ ಗಳಿಕೆಯಾಗುತ್ತದೆ ಎಂದು ತಿಳಿಸಿತ್ತು. ವಾಸ್ತವದಲ್ಲಿ ಗಳಿಕೆ 300 ಡಾಲರ್ ಮಾತ್ರ. 10,300 ಎಂಬುದು ಅಸಲು ಮತ್ತು ಬಡ್ಡಿ ಸೇರಿದ ಮೊತ್ತ. ಸಂಖ್ಯೆ ಸರಿಯಾಗಿಯೇ ಇದ್ದು, ಅದಕ್ಕೆ ಜೋಡಿಸಿದ ಪದವೊಂದು ತಪ್ಪಾಗಿತ್ತು. ಲೇಖನಗಳನ್ನು ಸಂಪಾದಕರು ಪರಿಶೀಲಿಸಿದ್ದರೆಂದು ಸಂಸ್ಥೆಯೇ ಹೇಳಿಕೊಂಡಿತ್ತು. ಆದರೆ ಇಂತಹ ದೋಷವು ಓದಿನ ಓಟದಲ್ಲಿ ಕಣ್ಣಿಗೆ ಬೀಳುವುದಿಲ್ಲ; ಲೆಕ್ಕವನ್ನು ಪುನಃ ಮಾಡಿ ನೋಡಿದಾಗಲೇ ಹೊರಬೀಳುತ್ತದೆ.

ಸಾರಾಂಶದಲ್ಲಿನ ದೋಷಗಳು

ಸಂಕ್ಷೇಪಿಸುವಾಗ ಮಾಹಿತಿಯ ಮೂಲ, ನಿಷೇಧಾರ್ಥ ಮತ್ತು ಅನಿಶ್ಚಿತತೆಯ ಸೂಚನೆಗಳು ಕಳಚಿಹೋಗುವ ಸಂಭವವಿರುತ್ತದೆ. ಕನ್ನಡದಲ್ಲಿ ಇವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತವೆ. "ಅಧಿಕಾರಿಯು ಲಂಚ ಪಡೆದಿದ್ದಾರೆ ಎಂದು ದೂರಿನಲ್ಲಿ ಆರೋಪಿಸಲಾಗಿದೆ" ಎಂಬ ವಾಕ್ಯದ ಉತ್ತರಾರ್ಧ ಬಿಟ್ಟುಹೋದರೆ, ಆರೋಪವೇ ಸಾಬೀತಾದ ಸತ್ಯದಂತೆ ಕಾಣಿಸುತ್ತದೆ. ಮಾನನಷ್ಟ ಮೊಕದ್ದಮೆಗೂ ಆಸ್ಪದವಾಗಬಹುದು.

ಸುದ್ದಿಮನೆಯ ಹೊರಗೆ ತಯಾರಾದ ಸಾರಾಂಶವೂ ಸುದ್ದಿಸಂಸ್ಥೆಯ ಹೆಸರಿಗೆ ಧಕ್ಕೆ ತರಬಲ್ಲದು. 2024ರ ಡಿಸೆಂಬರ್‌ನಲ್ಲಿ ಆಪಲ್ ಫೋನ್‌ಗಳ ಸೂಚನಾ ಸಾರಾಂಶವು, ಕೊಲೆ ಆರೋಪಿಯೊಬ್ಬ ತನಗೆ ತಾನೇ ಗುಂಡು ಹಾರಿಸಿಕೊಂಡನೆಂಬ ಸುಳ್ಳನ್ನು ಬಿಬಿಸಿ ಹೆಸರಿನಡಿ ತೋರಿಸಿತು. ಬಿಬಿಸಿ ದೂರು ನೀಡಿತು. 2025ರ ಜನವರಿಯಲ್ಲಿ ಆಪಲ್ ಸಂಸ್ಥೆಯು ಸುದ್ದಿ ಆ್ಯಪ್‌ಗಳಿಗೆ ಈ ಸೌಲಭ್ಯವನ್ನು ಸ್ಥಗಿತಗೊಳಿಸಿತು.

ಪರಿಶೀಲನೆಯ ಕ್ರಮ

ಅಸೋಸಿಯೇಟೆಡ್ ಪ್ರೆಸ್ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಈ ಸಾಧನಗಳು ನೀಡುವ ಪಠ್ಯವನ್ನು ಪರಿಶೀಲಿಸದ ಮೂಲಸಾಮಗ್ರಿಯೆಂದೇ ಭಾವಿಸಬೇಕು. ಹಾಗೆ ಭಾವಿಸಿದರೆ ಉಪಸಂಪಾದಕರ ಕೆಲಸದ ಸ್ವರೂಪವೇ ಬದಲಾಗುತ್ತದೆ. ಕರಡಿನ ಭಾಷೆಯನ್ನು ತಿದ್ದುವ ಮೊದಲು ಅದರಲ್ಲಿನ ಪ್ರತಿಯೊಂದು ಹೆಸರು, ದಿನಾಂಕ, ಅಂಕಿ ಮತ್ತು ಉಲ್ಲೇಖವನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕಾಗುತ್ತದೆ. ಮೂಲದಲ್ಲಿ ಸಿಗದ ಸಂಗತಿಯು ಎಷ್ಟೇ ಸಹಜವೆನಿಸಿದರೂ ಅದನ್ನು ಕೈಬಿಡಬೇಕಾಗುತ್ತದೆ. ಇದಕ್ಕೆ ತಗಲುವ ಸಮಯವು ಕರಡಿನಿಂದ ಉಳಿದ ಸಮಯವನ್ನು ಮೀರಲೂಬಹುದು. ಆ ಸಮಯವನ್ನು ಕಡಿತಗೊಳಿಸಿದಾಗ ಪರಿಶೀಲನೆಯು ಹೆಸರಿಗಷ್ಟೇ ಉಳಿಯುತ್ತದೆ.