ವರ್ಷಕ್ಕೊಂದು ಹೊಸ ಪಾಸ್‌ಬುಕ್



ವಿಜಯವಾಡದ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ನಮ್ಮ ಕುಂದಾಪುರದ ಸಂಗಾತಿಯೊಬ್ಬರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. ಮಗಳು ಈ ವರ್ಷ ಎಂಟನೇ ತರಗತಿಗೆ ಸೇರಿದ್ದಾಳೆ. ಐದು ವರ್ಷಕ್ಕೆ ಇಂಟರ್‌ಮೀಡಿಯೇಟ್ ಮುಗಿಯುತ್ತದೆ, ಆಮೇಲೆ ವಿಶಾಖಪಟ್ಟಣದಲ್ಲಿ ಓದಿಸುವ ಆಸೆ. ಅಲ್ಲಿರುವ ಭಾವಮೈದುನ ವಿಚಾರಿಸಿ, ಫೀಜು, ಹಾಸ್ಟೆಲು ಸೇರಿ ಮೊದಲ ವರ್ಷಕ್ಕೆ ಒಂದು ಲಕ್ಷ ಎಂದು ತಿಳಿಸಿದ್ದಾನೆ. “ತಿಂಗಳಿಗೆ ಸಾವಿರದ ನಾಲ್ಕು ನೂರು ಪೋಸ್ಟಾಫೀಸಿನ ಆರ್.ಡಿ.ಗೆ ಕಟ್ಟಿದರೆ ಐದು ವರ್ಷಕ್ಕೆ ಲಕ್ಷವಾಗುತ್ತದಂತೆ, ಹೌದೋ ಅಣ್ಣ?” ಎಂದು ಅವರು ಕೇಳಿದರು.

ಲಕ್ಷವಾಗುವುದು ನಿಜ. ಆದರೆ ಅದು ಇಂದಿನ ಲಕ್ಷ. ಫೀಜು ವರ್ಷಕ್ಕೆ ನೂರಕ್ಕೆ ಎಂಟರಂತೆ ಏರುತ್ತದೆಂದು ಹಿಡಿದು ನಾವು ಕಾಗದದ ಮೇಲೆ ಗುಣಿಸಿದೆವು. ಮೊದಲ ವರ್ಷಕ್ಕೆ 1,08,000, ಎರಡನೆಯದಕ್ಕೆ 1,16,640, ಹೀಗೆ ಐದನೆಯದಕ್ಕೆ ಸುಮಾರು 1,47,000 ರೂಪಾಯಿ ಆಯಿತು. ಅವರ ಲೆಕ್ಕದಲ್ಲಿ ನಡೆದರೆ ಸೇರಿಸುವ ದಿನ 47,000 ಕಡಿಮೆ ಬಿದ್ದು, ಮತ್ತೆ ಧಣಿಯ ಗಲ್ಲಾದ ಮುಂದೆ ಮುಂಗಡಕ್ಕೆ ಕೈಕಟ್ಟಿ ನಿಲ್ಲಬೇಕು.

ದೊಡ್ಡ ಕಂಪನಿಗಳು ಮುಂದೆ ಬರುವ ಸಾಲದ ಗಡುವಿಗೆಂದು ವರ್ಷ ವರ್ಷವೂ ಬೇರೆಯೇ ತೆಗೆದಿಡುವ ಹಣಕ್ಕೆ ಸಿಂಕಿಂಗ್ ಫಂಡ್ ಎನ್ನುತ್ತಾರೆ. ಅದರ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ: ಮೊದಲು ಬೇಕಾದ ಮೊತ್ತ, ಆಮೇಲೆ ಕಂತು. ಪೋಸ್ಟಾಫೀಸಿನ ಆರ್.ಡಿ. ಬಡ್ಡಿಯನ್ನು 2023ರ ಅಕ್ಟೋಬರಿನಲ್ಲಿ ನೂರಕ್ಕೆ 6.7 ಎಂದು ಮಾಡಿದರು. ಅದನ್ನೇ ಹಿಡಿದರೆ, ತಿಂಗಳಿಗೊಂದು ರೂಪಾಯಿ ಕಟ್ಟಿದವನಿಗೆ 60 ತಿಂಗಳಿಗೆ 71 ರೂಪಾಯಿ 37 ಪೈಸೆ ಬರುತ್ತದೆ. 1,47,000ವನ್ನು ಇದರಿಂದ ಭಾಗಿಸಿದರೆ ಕಂತು 2,060 ರೂಪಾಯಿ.

“ಈಗ ಅಷ್ಟು ಆಗದು, ಮುಂದಿನ ವರ್ಷ ಸಂಬಳ ಏರಿದರೆ ಹೆಚ್ಚು ಕಟ್ಟುತ್ತೇನೆ” ಎಂದರು. ಮಾತು ಸರಿ. ಆದರೆ ತೆರೆದ ಆರ್.ಡಿ.ಯ ಕಂತನ್ನು ನಡುವೆ ಏರಿಸಲು ಬರುವುದಿಲ್ಲ. ‘ವರ್ಷಕ್ಕೆ ಹತ್ತು ಪರ್ಸೆಂಟ್ ಏರಿಕೆ’ ಎಂದು ತೋರಿಸುವ ಫೋನಿನ ಲೆಕ್ಕಗಳು ಈ ಮಾತನ್ನು ಹೇಳದೆ ಬಿಡುವುದು ನಮಗೆ ಸರಿಕಾಣದು. ಏರಿಸಬೇಕೆಂದರೆ ಏರಿದಷ್ಟಕ್ಕೆ ಪ್ರತಿವರ್ಷ ಬೇರೆಯೇ ಖಾತೆ ತೆರೆಯಬೇಕು.

ಹಾಗೆ ಮಾಡಿ ನೋಡಿದೆವು. ಮೊದಲ ಖಾತೆ 1,500 ರೂಪಾಯಿಯದು, ಐದು ವರ್ಷಕ್ಕೆ 1,07,049 ಆಗುತ್ತದೆ. ಎರಡನೇ ವರ್ಷದ ಆರಂಭದಲ್ಲಿ 300ರ ಇನ್ನೊಂದು, ಮೂರನೇ ವರ್ಷಕ್ಕೆ ಮತ್ತೆ 300ರದು, ಹೀಗೆ ಒಟ್ಟು ನಾಲ್ಕು ಚಿಕ್ಕ ಖಾತೆಗಳು. ಇದೇ ಬಡ್ಡಿ ಸಿಕ್ಕರೆ ಆ ನಾಲ್ಕೂ ಸೇರಿ ಸುಮಾರು 39,980 ತರುತ್ತವೆ. ಎಲ್ಲ ಕೂಡಿದರೆ 1,47,029, ಗುರಿ ಮುಟ್ಟಿತು. ಕೊನೆಯ ವರ್ಷ ಕೈಬಿಡುವುದು ತಿಂಗಳಿಗೆ 2,700. ಒಟ್ಟು ಕಟ್ಟಿದ್ದು 1,26,000. ಮೊದಲಿನಿಂದಲೇ 2,060 ಕಟ್ಟಿದ್ದರೆ 1,23,600 ಸಾಕಿತ್ತು. ತಡವಾಗಿ ಹೋದ ಹಣಕ್ಕೆ ಬಡ್ಡಿ ಕಡಿಮೆ, ಆ 2,400 ರೂಪಾಯಿ ಮೊದಲ ವರ್ಷಗಳ ಉಸಿರಾಟಕ್ಕೆ ಕೊಟ್ಟ ಬೆಲೆ.

ಇಲ್ಲಿ ಒಂದು ಕೊಕ್ಕೆಯಿದೆ. ಪೋಸ್ಟಾಫೀಸಿನ ಆರ್.ಡಿ.ಗೆ ಐದು ವರ್ಷದ ಒಂದೇ ಅವಧಿ. ಎರಡನೇ ವರ್ಷ ಅಲ್ಲೇ ತೆರೆದ ಖಾತೆ ಹುಡುಗಿ ಕಾಲೇಜು ಸೇರಿ ಒಂದು ವರ್ಷವಾದ ಮೇಲೆ ಮಾಗುತ್ತದೆ. ಮೂರು ವರ್ಷದೊಳಗೆ ಮುಚ್ಚಲಾಗದು, ಆಮೇಲೆ ಅವಧಿಗೆ ಮುಂಚೆ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಆದ್ದರಿಂದ ಮೊದಲನೆಯದು ಪೋಸ್ಟಾಫೀಸಿನಲ್ಲಿರಲಿ. ಮಿಕ್ಕವನ್ನು ಬ್ಯಾಂಕಿನಲ್ಲಿ ನಾಲ್ಕು, ಮೂರು, ಎರಡು, ಒಂದು ವರ್ಷದ ಅವಧಿಗೆ ತೆರೆಯಬೇಕು. ಆ ದಿನದ ಬಡ್ಡಿ ಎಷ್ಟೋ ಅದರಂತೆ ಲೆಕ್ಕ ಮತ್ತೆ ಹಾಕಿ, ಕಡಿಮೆಯಾದರೆ 300ನ್ನು 320 ಮಾಡಬೇಕು.

ನಮ್ಮವರು ಎಡವುವುದು ಏಪ್ರಿಲ್, ಮೇ ತಿಂಗಳಲ್ಲಿ, ಊರಿಗೆ ಹೋದಾಗ. ತಪ್ಪಿದ ಕಂತಿಗೆ ಪೋಸ್ಟಾಫೀಸು ನೂರಕ್ಕೆ ಒಂದು ರೂಪಾಯಿ ದಂಡ ಹಾಕುತ್ತದೆ, 1,500ಕ್ಕೆ 15. ಅದು ದೊಡ್ಡದಲ್ಲ. ನಾಲ್ಕು ಕಂತು ತಪ್ಪಿತೋ, ಖಾತೆಯೇ ನಿಲ್ಲುತ್ತದೆ. ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸದಿದ್ದರೆ ಮುಂದೆ ಕಂತು ತೆಗೆದುಕೊಳ್ಳುವುದಿಲ್ಲ. ಏಜೆಂಟರ ಕೈಗೆ ಹಣ ಕೊಡುವವರು ಪಾಸ್‌ಬುಕ್ಕಿನಲ್ಲಿ ಆ ತಿಂಗಳ ನಮೂದು ಬಿದ್ದಿದೆಯೇ ಎಂದು ತಾವೇ ನೋಡತಕ್ಕದ್ದು.

ಇನ್ನೊಂದು ಮಾತು. ಹೋಟೆಲಿನಲ್ಲಿ ಸಂಬಳ ತಾನಾಗಿ ಏರುವುದಿಲ್ಲ, ಕೇಳಿದರೆ ಏರುತ್ತದೆ, ಕೆಲವೊಮ್ಮೆ ಕೇಳಿದರೂ ಇಲ್ಲ. ಏರಿಕೆ ಖಚಿತವಿಲ್ಲದವರು 1,500ರ ಆಸೆ ಬಿಟ್ಟು ಮೊದಲೇ 2,060ಕ್ಕೆ ಹತ್ತಿರ ಹೋಗಲಿ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಸಂಗಾತಿ ಯೋಚಿಸಿ, “1,700 ಆದೀತು, ಆಮೇಲೆ ಎಷ್ಟು ಏರಿಸಬೇಕು?” ಎಂದರು. ಗುಣಿಸಿ ಹೇಳಿದೆವು: ವರ್ಷಕ್ಕೆ 200 ಏರಿಸಿದರೆ ಸಾಕು. ಅವರು ಸೋಮವಾರ ಪೋಸ್ಟಾಫೀಸಿಗೆ ಹೋಗುತ್ತಾರೆ.