ಗೈಡ್‌ಗೆ ಬರೆಯುವ ಮೇಲ್ ಭಿಕ್ಷಾಪಾತ್ರೆ ಅಲ್ಲ



ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳು ಪಿಎಚ್.ಡಿ. ಗೈಡ್ ಆಗ್ರಿ ಅಂತ ಒಬ್ಬ ಪ್ರೊಫೆಸರ್‌ಗೆ ಬರೆದ ಇ-ಮೇಲನ್ನ ನಮ್ಮ ಒಂದಿಷ್ಟು ಜನ ಓದಿದ್ವಿ. ಅದರ ಬಗ್ಗೆ ನಿವೃತ್ತ ಉಪನ್ಯಾಸಕರೊಬ್ಬರು ಹೇಳಿದ ಮಾತು: "ಇಷ್ಟು ಬಿಗಿಯಾಗಿ ಬರದ್ರ ಯಾರ್ ಗೈಡ್ ಆಗ್ತಾರ? ಸ್ವಲ್ಪ ತಗ್ಗಿ ಬಗ್ಗಿ ಬರೀಬೇಕವಾ." ಅವರು ನಮ್ಮವರೇ, ಒಳ್ಳೆಯವರೇ. ಆದ್ರ ಈ ಮಾತಿಗೆ ನಾನು ಒಪ್ಪೋದಿಲ್ಲ. ಯಾಕ ಒಪ್ಪೋದಿಲ್ಲ ಅಂತ ಸಾವಕಾಶ ಬರೀತೀನಿ, ಪೂರ್ತಿ ಓದ್ರಿ.

ಮೊದಲು ಅವಳು ಬರೆದಿದ್ದ ಹಳೇ ಕರಡು ನೋಡ್ರಿ. ಅವಳ ಒಪ್ಪಿಗೆ ತಗೊಂಡೇ ಹಾಕ್ತಾ ಇದೀನಿ:

"ಪರಮಪೂಜ್ಯ ಗುರುಗಳಾದ ತಮ್ಮ ಪಾದಗಳಿಗೆ ನಮಸ್ಕರಿಸುತ್ತಾ, ತಮ್ಮಂಥ ಮಹಾನ್ ವಿದ್ವಾಂಸರ ಕೈಕೆಳಗೆ ಪಿಎಚ್.ಡಿ. ಮಾಡುವುದು ನನ್ನ ಜೀವನದ ಕನಸಾಗಿರುತ್ತದೆ. ತಮ್ಮ ಎಲ್ಲಾ ಬರಹಗಳನ್ನೂ ಓದಿರುತ್ತೇನೆ. ನಾನು ತೀರಾ ಬಡ ಕುಟುಂಬದವಳು, ನನ್ನ ತಾಯಿ ಕಂಡಿಕೆ ಸುತ್ತಿ ನನ್ನನ್ನು ಓದಿಸಿದ್ದಾರೆ. ತಾವು ಯಾವ ವಿಷಯ ಕೊಟ್ಟರೂ ಹಗಲಿರುಳು ದುಡಿಯುತ್ತೇನೆ. ದಯವಿಟ್ಟು ನಿರಾಶೆ ಮಾಡಬೇಡಿ ಸರ್!!!"

ಇದನ್ನ ಓದಿ ನಗಬ್ಯಾಡ್ರಿ. ಇದು ಅವಳ ಭಾಷೆ ಅಲ್ಲ, ನಾವು ಕಲಿಸಿದ ಭಾಷೆ. ಸಾಲಿಯಲ್ಲಿ ರಜಾ ಅರ್ಜಿ ಬರೆಯೋದು ಕಲಿಸುವಾಗಿಂದ "ತಮ್ಮ ವಿಧೇಯ" ಅಂತ ಮುಗಿಸೋದು ಕಲಿಸಿದ್ವಿ. ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ, ಎಲ್ಲಾದರಲ್ಲೂ ಬಡತನ ಹೇಳಿಕೊಂಡ್ರೇ ಕೆಲಸ ಆಗ್ತದ ಅಂತ ನಂಬಿಸಿದ್ವಿ. ನಾನು ಆಫೀಸಿನಲ್ಲಿ ಗುಮಾಸ್ತ, ದಿನಾ ಟಪಾಲು ತೆಗೆಯೋ ಮನುಷ್ಯ. ಅಳು ತುಂಬಿದ ನಾಲ್ಕು ಪುಟದ ಅರ್ಜಿ ಟೇಬಲ್ ಮ್ಯಾಲೇ ಕೂಡ್ತದ. ವಿಷಯ ಏನು, ಹಿಂದಿನ ಪತ್ರ ಯಾವುದು, ಏನು ಮಾಡಬೇಕು ಅಂತ ಮೂರು ಸಾಲಿನಲ್ಲಿ ಬರೆದ ಅರ್ಜಿ ಮುಂದಕ್ಕ ಹೋಗ್ತದ. ಓದುವವನು ಕಟುಕ ಅಂತಲ್ಲ. ಅಳುವ ಅರ್ಜಿಯ ಮ್ಯಾಲೆ ಏನು ಷರಾ ಬರೀಬೇಕು ಅನ್ನೋದೇ ಅವನಿಗೆ ತಿಳಿಯೋದಿಲ್ಲ.

ಪ್ರೊಫೆಸರ್ ವಿಷಯದಲ್ಲೂ ಅದೇ. ಅವರ ಮುಂದಿರೋ ಪ್ರಶ್ನೆ "ಈ ಹುಡುಗಿ ಪಾಪ ಹೌದೋ ಅಲ್ಲೋ" ಅಂತಲ್ಲ. ನನ್ನಲ್ಲಿ ಸೀಟು ಐತೇನು? ಈ ವಿಷಯ ನನಗ ಗೊತ್ತಿರೋದೇನು? ಈಕೆಗೆ ಕೇಳೋಕೆ ಒಂದು ಪ್ರಶ್ನೆ ಅದ ಏನು? ಈ ಮೂರಕ್ಕೂ ಆ ಕರಡಿನಲ್ಲಿ ಉತ್ತರ ಇಲ್ಲ.

ಸೀಟಿನ ಲೆಕ್ಕ ಬಹಳ ಮಂದಿಗೆ ಗೊತ್ತಿಲ್ಲ, ಹೇಳಿಬಿಡ್ತೀನಿ. ಯುಜಿಸಿಯ 2022ರ ಪಿಎಚ್.ಡಿ. ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಸಲಕ್ಕ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಗೈಡ್ ಆಗಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನ ತಗೊಳ್ಳೋ ಹಂಗಿಲ್ಲ. ಅಂದ್ರ "ಮಹಾನ್ ವಿದ್ವಾಂಸರು" ಅಂತ ಹುಡುಕಿ ಬರೆದ ಹಿರಿಯರಿಗೆ ಎಷ್ಟೋ ಸಲ ನಿಮ್ಮನ್ನ ತಗೊಳ್ಳೋ ಅಧಿಕಾರವೇ ಇರೋದಿಲ್ಲ. ಅವರು ಸುಮ್ಮನಿದ್ದಾಗ ಹುಡುಗರು "ಜಾತಿ ನೋಡಿ ಬಿಟ್ರು" ಅಂದುಕೊಳ್ತಾರ. ಜಾತಿ ನೋಡಿ ಬಿಡೋರು ಇಲ್ಲ ಅಂತ ನಾನು ಹೇಳ್ತಿಲ್ಲ, ಬೇಕಾದಷ್ಟು ಮಂದಿ ಅದಾರ. ಆದ್ರ ಯಾವುದು ಯಾವುದು ಅಂತ ತಿಳೀಬೇಕಂದ್ರ ಮೊದಲು ಸೀಟು ಇತ್ತೋ ಇಲ್ಲೋ ಅಂತ ಕೇಳಿ, ಬರವಣಿಗೆಯಲ್ಲಿ ಉತ್ತರ ತಗೋಬೇಕು.

ಇನ್ನ ಆ ಕರಡಿನ ಅತಿ ಕೆಟ್ಟ ಸಾಲು ಪಾದಕ್ಕೆ ನಮಸ್ಕಾರ ಅಲ್ಲ. "ತಾವು ಯಾವ ವಿಷಯ ಕೊಟ್ಟರೂ" ಅನ್ನೋದು. ಇದು ವಿನಯದ ಹಂಗ ಕಾಣ್ತದ, ಆದ್ರ ಓದುವವರಿಗೆ ಕೇಳಿಸೋದು "ನನ್ನ ಹತ್ರ ಪ್ರಶ್ನೆ ಇಲ್ಲ" ಅಂತ. ಒಳ್ಳೇ ಪ್ರೊಫೆಸರ್ ಅಲ್ಲೇ ಮೇಲ್ ಮುಚ್ಚಿಡ್ತಾರ. ಕೆಟ್ಟವರು ಖುಷಿಯಾಗ್ತಾರ: ಬ್ಯಾಗ್ ಹೊರಾಕ, ಉತ್ತರ ಪತ್ರಿಕೆ ಅಂಕ ಕೂಡಾಕ, ಮಗಳ ಮದುವಿ ಪತ್ರಿಕೆ ಹಂಚಾಕ ಒಬ್ಬರು ಸಿಕ್ರು ಅಂತ. "ತಮ್ಮ ಎಲ್ಲಾ ಬರಹ ಓದಿರುತ್ತೇನೆ" ಅನ್ನೋದು ಎರಡನೇ ತಪ್ಪು. ಎಲ್ಲಾ ಓದಿದವರು ಯಾರೂ ಎಲ್ಲಾ ಓದೀನಿ ಅನ್ನೋದಿಲ್ಲ, ಒಂದರ ಹೆಸರು ಹೇಳ್ತಾರ.

ಹಂಗಾಗಿ ನಾವು ಕೂತು ಒಂದೊಂದೇ ಸಾಲು ಹಿಡಿದ್ವಿ. ನಾ ಕೇಳಿದೆ, "ಅವ್ವನ ಕಂಡಿಕೆ ವಿಷಯ ಯಾಕ ಬರದಿ?" "ಕನಿಕರ ಬರಲಿ ಅಂತ" ಅಂದಳು. "ಅವ್ವನ ಕಂಡಿಕೆ ಬಗ್ಗೆ ನಿನಗ ಗೊತ್ತಿರೋದು ಆ ಸರ್‌ಗೆ ಗೊತ್ತೇನು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಾದಳು. ಆಮ್ಯಾಲೆ ಶುರು ಮಾಡಿದಳು ನೋಡ್ರಿ: ಎಷ್ಟು ಕಂಡಿಕೆಗೆ ಎಷ್ಟು ಕೂಲಿ, ನೂಲು ಹರಿದ್ರ ಯಾರ ಲೆಕ್ಕಕ್ಕ, ಹಬ್ಬಕ್ಕ ಕೊಟ್ಟ ಉಚಾಪತಿ ವಾರದ ಕೂಲಿಯಲ್ಲಿ ಹೆಂಗ ಮುರೀತಾರ, ಮಗ್ಗದ ಮಾಲೀಕರ ಪುಸ್ತಕದಲ್ಲಿ ಈ ಹೆಂಗಸರ ಹೆಸರೇ ಯಾಕ ಇರೋದಿಲ್ಲ. ಅರ್ಧ ತಾಸು ಮಾತಾಡಿದಳು. ಅಷ್ಟೂ ಸಂಶೋಧನೆಯ ವಿಷಯವೇ. ಅದನ್ನ ಬಿಟ್ಟು ಬರೇ ಬಡತನ ಅಷ್ಟೇ ಮೇಲ್‌ಗೆ ಹಾಕಿದ್ಲು.

ಕಡೆಗೆ ಕಳಿಸಿದ್ದು ಇದು:

"ವಿಷಯ: ಪಿಎಚ್.ಡಿ. ಮಾರ್ಗದರ್ಶನದ ಕೋರಿಕೆ: ಮನೆಯಲ್ಲಿ ಕಂಡಿಕೆ ಸುತ್ತುವ ಮಹಿಳೆಯರ ಕೂಲಿ

ಮಾನ್ಯರೇ,

ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗಳಿಗೆ ಮನೆಯಲ್ಲಿ ಕಂಡಿಕೆ ಸುತ್ತಿಕೊಡುವ ಮಹಿಳೆಯರ ಕೂಲಿಯನ್ನು ಯಾರು, ಹೇಗೆ ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೇನೆ.

ಬೀಡಿ ಕಟ್ಟುವ ಮಹಿಳೆಯರ ಬಗೆಗಿನ ತಮ್ಮ ಲೇಖನದಲ್ಲಿ ಗುತ್ತಿಗೆದಾರರು ಬೀಡಿ ಸರಿಯಿಲ್ಲವೆಂದು ತೆಗೆದುಹಾಕಿ ಕೂಲಿ ಕಡಿತ ಮಾಡುವುದನ್ನು ವಿವರಿಸಿದ್ದೀರಿ. ನಾನು ನೋಡಿರುವ ಮನೆಗಳಲ್ಲಿ ನಡುವೆ ಗುತ್ತಿಗೆದಾರರಿಲ್ಲ. ಮಾಲೀಕರು ಮುಂಗಡ ಕೊಟ್ಟು ವಾರದ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಈ ವ್ಯತ್ಯಾಸದಿಂದ ಏನು ಬದಲಾಗುತ್ತದೆ ಎಂಬುದು ನನ್ನ ಪ್ರಶ್ನೆ.

ನನ್ನ ತಾಯಿ ಈ ಕೆಲಸ ಮಾಡುತ್ತಾರೆ. ಅವರು ಮತ್ತು ಇನ್ನೂ 11 ಮಹಿಳೆಯರು ತಮ್ಮ 2 ವರ್ಷದ ಕೂಲಿ ಚೀಟಿಗಳನ್ನು ನೋಡಲು ಒಪ್ಪಿದ್ದಾರೆ. ಇವರೆಲ್ಲ ಒಂದೇ ಓಣಿಯವರು. ಬೇರೆ ಓಣಿಗಳ ಮಾಹಿತಿ ಇನ್ನು ಮೇಲೆ ಸಂಗ್ರಹಿಸಬೇಕು.

ಈ ವರ್ಷ ತಮ್ಮಲ್ಲಿ ಸ್ಥಾನ ಖಾಲಿ ಇದೆಯೇ, ಈ ವಿಷಯ ತಮ್ಮ ಕ್ಷೇತ್ರಕ್ಕೆ ಹೊಂದುತ್ತದೆಯೇ ಎಂದು ತಿಳಿಸಬೇಕೆಂದು ಕೋರುತ್ತೇನೆ. ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಪ್ರವೇಶ ಪ್ರಕ್ರಿಯೆಯನ್ನು ನಿಯಮದಂತೆ ಪ್ರತ್ಯೇಕವಾಗಿ ಪೂರೈಸುತ್ತೇನೆ.

ವಂದನೆಗಳು."

ಕೆಳಗೆ ಹೆಸರು, ಫೋನ್ ನಂಬರ್. ಅಷ್ಟೇ.

ಅವ್ವ ಎರಡೂ ಮೇಲ್‌ನಲ್ಲಿ ಅದಾಳ. ಮೊದಲನೇದರಲ್ಲಿ ಕನಿಕರದ ಸಲುವಾಗಿ ನಿಂತಿದ್ಲು, ಎರಡನೇದರಲ್ಲಿ ಲೆಕ್ಕ ಗೊತ್ತಿರೋ ಸಾಕ್ಷಿಯಾಗಿ ಕುಂತಾಳ. ಉಪನ್ಯಾಸಕರು "ಬಿಗಿ" ಅಂದದ್ದು ಇದಕ್ಕೇ. ಯಾವ ಸಾಲಿನಲ್ಲಿ ಅಗೌರವ ಅದ ತೋರಿಸ್ರಿ ಅಂದೆ, ತೋರಿಸಲಿಲ್ಲ. ಇದೇ ಮೇಲ್ ಧಾರವಾಡದ ಅಗ್ರಹಾರದ ಹುಡುಗ ಬರೆದಿದ್ರ "ಎಷ್ಟು ಸ್ಪಷ್ಟತೆ ಐತಿ" ಅಂತಿದ್ರು. ನಮ್ಮ ಹುಡುಗಿ ಬರದ್ರ ಸೊಕ್ಕು. ಸಮಾಧಾನದಿಂದ ಮಾತಾಡೋ ದಲಿತರನ್ನ ಕಂಡ್ರ ಈ ವ್ಯವಸ್ಥೆಗೆ ಕಸಿವಿಸಿ. ಅತ್ತರ ಕನಿಕರ ತೋರಿಸ್ತದ, ಕೂಗಿದರ ಬೈತದ, ಎರಡೂ ಅದಕ್ಕ ರೂಢಿ ಆಗ್ಯಾವ.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಬಂತು, ನಮ್ಮ ಹುಡುಗರಿಂದಲೇ. "ಅಣ್ಣಾ, ಇದೆಲ್ಲ ಮೇಲ್ಜಾತಿಯವರ ನಾಜೂಕು. ನಮ್ಮ ಸಿಟ್ಟು, ನಮ್ಮ ನೋವು ಬರೀಬಾರದೇನು?" ಬರೀಬೇಕು, ಪ್ರಬಂಧದ ಮುನ್ನೂರು ಪುಟ ಅದಕ್ಕೇ ಅದಾವ. ಗೊತ್ತಿಲ್ಲದ ಮನುಷ್ಯನಿಗೆ ಬರೆಯೋ ಮೊದಲ ಮೇಲ್‌ನಲ್ಲಿ ನೋವು ಸುರಿದ್ರ ಅದರ ಬೆಲೆ ಕಟ್ಟೋ ಅಧಿಕಾರ ಅವನ ಕೈಗೆ ಕೊಟ್ಟಂಗ. ಜಾತಿ ಪ್ರಮಾಣಪತ್ರವನ್ನೂ ಆ ಮೇಲ್‌ಗೆ ಅಂಟಿಸೋದು ಬ್ಯಾಡ. ಎಂ.ಎ.ದಲ್ಲಿ 55 ಬೇಕಾದಲ್ಲಿ ನಮಗ 5 ಪರ್ಸೆಂಟ್ ರಿಯಾಯಿತಿ, ರೋಸ್ಟರ್ ಪ್ರಕಾರ ಸೀಟು, ಇವೆಲ್ಲ ವಿಶ್ವವಿದ್ಯಾಲಯ ಪ್ರವೇಶದಾಗ ಪಾಲಿಸಬೇಕಾದ ನಿಯಮ. ಗೈಡ್ ಮಾಡೋ ಉಪಕಾರ ಅಲ್ಲ. ಗೈಡ್ ಹತ್ರ ಹೋಗಿ ಕೇಳಿದ್ರ ಹಕ್ಕು ಉಪಕಾರ ಆಗಿಬಿಡ್ತದ.

ಮತ್ತ ಗೈಡ್ ನಮ್ಮ ವಿಚಾರದವರೇ ಆಗಬೇಕಂತ ಇಲ್ಲ. ಬಾಬಾಸಾಹೇಬರು ಲಂಡನ್‌ನಲ್ಲಿ ರೂಪಾಯಿ ಸಮಸ್ಯೆಯ ಮ್ಯಾಲೆ ಬರೆದ ಪ್ರಬಂಧ 1923ರಲ್ಲಿ ಪುಸ್ತಕ ಆಯ್ತಲ್ಲ, ಅದಕ್ಕ ಮುನ್ನುಡಿ ಬರೆದವರು ಅವರ ಪ್ರೊಫೆಸರ್ ಎಡ್ವಿನ್ ಕ್ಯಾನನ್. ಅದೇ ಮುನ್ನುಡಿಯಲ್ಲಿ ಅವರು ಅಂಬೇಡ್ಕರರ ಎಷ್ಟೋ ವಾದಗಳನ್ನ ತಾವು ಒಪ್ಪೋದಿಲ್ಲ ಅಂತ ಬರೆದಾರ. ಆದರೂ ಪುಸ್ತಕದ ತಾಜಾತನವನ್ನ ಮೆಚ್ಚಿ ಮುಂದಿಟ್ಟಾರ. ಗುರು-ಶಿಷ್ಯರ ನಡುವೆ ಇಂಥ ಸಂಬಂಧ ಬೇಕಂದ್ರ ಮೊದಲ ಪತ್ರದಲ್ಲೇ ಒಪ್ಪದಿರೋಕೆ ಜಾಗ ಇರಬೇಕು. "ತಮ್ಮ ಲೇಖನದಲ್ಲಿ ಹೀಗಿದೆ, ನಾನು ನೋಡಿದ್ದು ಬೇರೆ" ಅನ್ನೋ ಸಾಲು ಆ ಜಾಗ ಇಡ್ತದ. ಪಾದಕ್ಕೆ ಬಿದ್ದ ಮ್ಯಾಲೆ ಆ ಸಾಲು ಬರೆಯೋಕೆ ಬರೋದಿಲ್ಲ.

"ಮೇಲ್ ಯಾಕ, ಹೋಗಿ ಭೇಟಿಯಾಗಲಿ" ಅನ್ನೋರಿಗೂ ಒಂದು ಮಾತು. ಚೇಂಬರ್ ಹೊರಗ ಮೂರು ದಿನ ನಿಂತದ್ದಕ್ಕ ದಾಖಲೆ ಇರೋದಿಲ್ಲ. ಒಳಗ ಏನಂದ್ರು ಅನ್ನೋದಕ್ಕೂ ಇರೋದಿಲ್ಲ. ಮೇಲ್‌ಗೆ ತಾರೀಖು ಇರ್ತದ, ಸಮಯ ಇರ್ತದ. ಗುಮಾಸ್ತನಾಗಿ ಹೇಳ್ತೀನಿ, ಕಾಗದ ಇಲ್ಲದ ಅನ್ಯಾಯವನ್ನ ಯಾವ ಸಮಿತಿಯೂ ಓದೋದಿಲ್ಲ.

ಹಂಗಂತ ಮೇಲ್ ಚಲೋ ಬರದ್ರ ಸೀಟು ಸಿಕ್ತು ಅಂತಲ್ಲ. ನಮ್ಮ ಕಡೆ ಬಹಳಷ್ಟು ಕಡೆ ಪರೀಕ್ಷೆ, ಸಂದರ್ಶನ ಆದ ಮ್ಯಾಲೇ ಗೈಡ್ ಹಂಚಿಕೆ. ಅದಕ್ಕ "ಮೊದಲು ಪರೀಕ್ಷೆ ಪಾಸಾಗಿ ಬನ್ನಿ" ಅಂತ ಉತ್ತರ ಬಂದ್ರ ಅದನ್ನ ನಿರಾಕರಣೆ ಅಂತ ತಿಳೀಬ್ಯಾಡ್ರಿ. ಎರಡು ವಾರ ಉತ್ತರ ಬರದಿದ್ರ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಒಂದೇ ಸಲ ಕಳಿಸ್ರಿ, ರಾತ್ರಿ ವಾಟ್ಸಾಪ್ ಬ್ಯಾಡ. ಒಂದೇ ಮೇಲನ್ನ ಹನ್ನೆರಡು ಮಂದಿಗೆ ಕಳಿಸೋದಂತೂ ಬ್ಯಾಡೇ ಬ್ಯಾಡ. ಹಂಗ ಕಳಿಸಿದ ಹುಡುಗನೊಬ್ಬ ಮೇಡಂಗೆ "ಮಾನ್ಯ ಸರ್" ಅಂತ ಬರೆದು ಕುಂತಾನ.

ನಮ್ಮ ಹುಡುಗಿಗೆ ಐದನೇ ದಿನ ಉತ್ತರ ಬಂತು. ಈ ವರ್ಷ ಅವರಲ್ಲಿ ಸ್ಥಾನ ಇಲ್ಲವಂತೆ. ಆದ್ರ ಚೀಟಿಗಳು ಯಾರ ಕೈಬರಹದಲ್ಲಿ ಅದಾವ, ಮಾಲೀಕರದೋ ಹೆಂಗಸರದೋ ಅಂತ ಕೇಳ್ಯಾರ, ಅದೇ ವಿಭಾಗದ ಇನ್ನೊಬ್ಬರಿಗೆ ಬರೆಯೋಕೆ ಹೇಳ್ಯಾರ. ಅವಳು ಈಗ ಚೀಟಿ ಹಿಡಕೊಂಡು ಮನೆಮನೆ ತಿರುಗ್ತಾ ಇದಾಳ. ಅರ್ಧಕ್ಕರ್ಧ ಚೀಟಿ ಸಾಲಿ ಮಕ್ಕಳು ಬರೆದದ್ದಂತ.

ನಿಮ್ಮಲ್ಲಿ ಯಾರಾದ್ರೂ ಇಂಥ ಮೇಲ್ ಬರೀತಾ ಇದ್ರ ಕರಡನ್ನ ಇನ್‌ಬಾಕ್ಸ್‌ಗೆ ಹಾಕ್ರಿ. ಆಫೀಸ್ ಬಿಟ್ಟ ಮ್ಯಾಲೆ ಓದ್ತೀನಿ. ಮಾರ್ಕ್ಸ್ ಕಾರ್ಡಿನ ಫೋಟೋ ಮಾತ್ರ ಕಳಿಸಬ್ಯಾಡ್ರಿ, ಫೋನ್ ತುಂಬೈತಿ.