ಗಂಜಿ ಬಸಿಯುವಾಗ ಅನ್ನ ಚೆಲ್ಲಬೇಡಿ

ಸಿಟ್ಟಿನಲ್ಲಿ ಬರೆದ ಪತ್ರವನ್ನು ಕಳಿಸಬೇಡಿ ಎಂದು ಉಪದೇಶ ಮಾಡುವವರಿಗೆ ಅಬ್ರಹಾಂ ಲಿಂಕನ್ ಎಂದರೆ ಬಲು ಪ್ರೀತಿ. ಶಿಕ್ಷಕರ ತರಬೇತಿಗಳಲ್ಲಿ ಈ ಕಥೆಯನ್ನು ನಾನೇ ಮೂರು ಸಲ ಕೇಳಿದ್ದೇನೆ. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್ ಯುದ್ಧ ಗೆದ್ದ ಜನರಲ್ ಮೀಡ್, ಸೋತು ಹಿಂದೆ ಸರಿಯುತ್ತಿದ್ದ ಶತ್ರುಸೈನ್ಯ ನದಿ ದಾಟಿ ಪಾರಾಗುವುದನ್ನು ತಡೆಯಲಿಲ್ಲ. ಲಿಂಕನ್ ಜುಲೈ 14ರಂದು ಅವನಿಗೊಂದು ಖಾರವಾದ ಪತ್ರ ಬರೆದ. ಆದರೆ ಅದಕ್ಕೆ ಸಹಿ ಮಾಡಲಿಲ್ಲ, ಕಳಿಸಲೂ ಇಲ್ಲ. ನೋಡಿ, ದೊಡ್ಡವರ ದೊಡ್ಡತನ!

ಈ ಕಥೆಯ ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಅಧ್ಯಕ್ಷರಿಗೆ ಅಸಮಾಧಾನವಾಗಿದೆ ಎಂಬ ಸುದ್ದಿ ಅದೇ ದಿನ ಸೇನೆಯ ಮುಖ್ಯಾಧಿಕಾರಿಯ ತಂತಿಯ ಮೂಲಕ ಮೀಡ್‌ಗೆ ತಲುಪಿತ್ತು. ನೊಂದ ಮೀಡ್, ನನ್ನನ್ನು ಈ ಹುದ್ದೆಯಿಂದ ಬಿಡಿಸಿ ಎಂದು ಕೇಳಿಯೂ ಆಗಿತ್ತು. ಅದನ್ನು ಕೇಳಿದ ಮೇಲೆಯೇ ಲಿಂಕನ್ ಆ ಪತ್ರ ಬರೆಯಲು ಕೂತದ್ದು. ಅಂದರೆ ಪತ್ರ ಹೋಗದಿದ್ದರೂ ಹೇಳಬೇಕಾದ ಮಾತು ಹೋಗಿಯಾಗಿತ್ತು. ದೇಶದ ಅಧ್ಯಕ್ಷನಾದವನು ಸುಮ್ಮನಿದ್ದರೂ ಅವನ ಮನಸ್ಸು ಊರಿಗೆಲ್ಲ ತಿಳಿಯುತ್ತದೆ. ಊರಿನ ಅನುದಾನಿತ ಪ್ರೌಢಶಾಲೆಯ ಕನ್ನಡದ ಟೀಚರು ಸುಮ್ಮನಿದ್ದರೆ ಏನು ತಿಳಿಯುತ್ತದೆ? ಅವಳಿಗೆ ಹೇಳುವುದು ಏನೂ ಇರಲಿಲ್ಲ ಎಂದು ತಿಳಿಯುತ್ತದೆ, ಅಷ್ಟೇ.

ಆದ್ದರಿಂದ ನನ್ನ ತಕರಾರು ಇದು. ಪತ್ರದಿಂದ ಸಿಟ್ಟನ್ನು ತೆಗೆಯಬೇಕು, ಒಪ್ಪಿದೆ. ಆದರೆ ಸಿಟ್ಟು ತೆಗೆಯಿರಿ ಎಂದು ನಮಗೆ ಹೇಳುವವರು ಬಹಳಷ್ಟು ಸಲ ವಿಷಯವನ್ನೇ ತೆಗೆಸುತ್ತಾರೆ. ನಾವೂ ತೆಗೆದುಬಿಡುತ್ತೇವೆ, ಆಮೇಲೆ ಅದಕ್ಕೆ ತಾಳ್ಮೆ ಎಂದು ಹೆಸರಿಡುತ್ತೇವೆ.

ನನಗಾದದ್ದನ್ನೇ ಹೇಳುತ್ತೇನೆ. 2024ರ ಜೂನ್‌ನಲ್ಲಿ ಎಂಟನೇ ತರಗತಿಗೆ ಬಂದ ಮಕ್ಕಳಲ್ಲಿ ಹದಿನೇಳು ಮಂದಿಗೆ ಒತ್ತಕ್ಷರ ಬಂದರೆ ಓದು ನಿಲ್ಲುತ್ತಿತ್ತು. ನಾನು ರಟ್ಟು ಕತ್ತರಿಸಿ ಅರವತ್ತು ಓದುಕಾರ್ಡು ಮಾಡಿದೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಅವರನ್ನು ಕೂರಿಸಿಕೊಂಡು, ಯಾರು ಯಾವ ಕಾರ್ಡಿನವರೆಗೆ ಬಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನನ್ನ ಜೊತೆಗೇ ಕನ್ನಡ ಕಲಿಸುವ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಸಹೋದ್ಯೋಗಿಯೊಬ್ಬರು ಆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟರು. ನವೆಂಬರಿನಲ್ಲಿ ತಾಲ್ಲೂಕು ಮಟ್ಟದ ಕಾರ್ಯಾಗಾರದಲ್ಲಿ ಅವರೇ ಅದನ್ನು ‘ನನ್ನ ಪ್ರಯೋಗ’ ಎಂದು ಮಂಡಿಸಿ ಶಾಲು ಹೊದಿಸಿಕೊಂಡು ಬಂದರು. ಮರುದಿನ ಶನಿವಾರ ರಾತ್ರಿ ಮುಖ್ಯೋಪಾಧ್ಯಾಯರ ಇ-ಮೇಲ್ ಬಂತು. ‘ಶ್ರೀಯುತರು ರೂಪಿಸಿದ ಓದುಕಾರ್ಡುಗಳು ನಮ್ಮ ಶಾಲೆಗೆ ಕೀರ್ತಿ ತಂದಿವೆ.’ ಅದು ಎಲ್ಲ ಶಿಕ್ಷಕರಿಗೂ, ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೂ ಸೇರಿ ಹತ್ತೊಂಬತ್ತು ಜನಕ್ಕೆ ಹೋಗಿತ್ತು.

ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ. ಅಲ್ಲೇ ನಿಂತು ಮೊಬೈಲಿನಲ್ಲಿ ಉತ್ತರ ಬರೆದೆ.

‘ಇನ್ನೊಬ್ಬರ ಬೆವರನ್ನು ತಮ್ಮದೆಂದು ತೋರಿಸಿಕೊಳ್ಳುವುದು ಕೆಲವರ ಹುಟ್ಟುಗುಣ. ಇಪ್ಪತ್ತೆಂಟು ವರ್ಷದಿಂದ ನಾನು ಈ ಶಾಲೆಗೆ ಕತ್ತೆಯ ಹಾಗೆ ದುಡಿದಿದ್ದೇನೆ. ನನ್ನ ಕಾರ್ಡುಗಳನ್ನು ನಾಚಿಕೆಯಿಲ್ಲದೆ ಕದ್ದು ಮೆರೆದಿದ್ದಾರೆ. ಅವರು ಯಾವಾಗಲೂ ಹೀಗೆಯೇ. ನೀವೂ ಎಲ್ಲ ಗೊತ್ತಿದ್ದೂ ಸುಮ್ಮನಿದ್ದೀರಿ. ಶಾಲು ಹೊದ್ದವರಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.’

Reply all ಒತ್ತಿ ಹತ್ತೊಂಬತ್ತು ವಿಳಾಸವನ್ನೂ ತುಂಬಿ, ಸಾಲದೆಂದು Cc ಜಾಗದಲ್ಲಿ ಬಿ.ಇ.ಓ. ಅವರನ್ನೂ ಸೇರಿಸಿದೆ. ಕಳಿಸುವ ಮುಂಚೆ ಕಾಗುಣಿತ ನೋಡೋಣ ಎನ್ನಿಸಿತು. ಕನ್ನಡದ ಟೀಚರಿಗೆ ಇರುವ ಈ ಚಟವೇ ನನ್ನನ್ನು ಉಳಿಸಿತು. ಕಳಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬಹುದಲ್ಲ ಎನ್ನಬೇಡಿ. ಜಿ-ಮೇಲ್‌ನಲ್ಲಿ Undo ಎಂಬ ಸೌಕರ್ಯವಿದೆ, ನಿಜ. ಅದರ ಆಯುಸ್ಸು ಹೆಚ್ಚೆಂದರೆ 30 ಸೆಕೆಂಡು. ನನ್ನ ಸಿಟ್ಟು ಅಷ್ಟರಲ್ಲಿ ಇಳಿಯುವ ಜಾತಿಯದಲ್ಲ.

ಬೆಳಿಗ್ಗೆ ಸ್ಟಾಫ್ ರೂಮಿನ ಗೆಳತಿಗೆ ಫೋನ್ ಮಾಡಿದೆ. ‘ಹೋಗಲಿ ಬಿಡಿ ಮೇಡಂ, ಸ್ವಲ್ಪ ಮೃದುವಾಗಿ ಬರೆಯಿರಿ,’ ಎಂದರು. ಮೃದುವಾಗಿ ಬರೆದೆ. ‘ತಪ್ಪು ತಿಳಿಯಬೇಡಿ ಸಾರ್. ಇದು ತೀರಾ ಸಣ್ಣ ವಿಷಯ. ಕಾರ್ಡು ಮಾಡುವುದರಲ್ಲಿ ನನ್ನದೂ ಅಳಿಲು ಸೇವೆ ಇತ್ತು. ಹೆಸರು ಬಂದಿದ್ದರೆ ಸಂತೋಷವಾಗುತ್ತಿತ್ತು, ಬರದಿದ್ದರೂ ಬೇಸರವಿಲ್ಲ.’

ನನ್ನ ಅಕ್ಕ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿಗಳನ್ನು ಓದಿ ನಿವೃತ್ತಳಾದವಳು. ಎರಡನ್ನೂ ಅವಳಿಗೆ ಓದಿ ಹೇಳಿದೆ.

‘ಮೊದಲನೇದರಲ್ಲಿ ಬರೀ ಬೈಗುಳ, ಎರಡನೇದರಲ್ಲಿ ಬರೀ ಸುಳ್ಳು,’ ಎಂದಳು.

‘ಸುಳ್ಳು ಎಲ್ಲಿದೆಯೇ ಅಕ್ಕಾ?’

‘ಬೇಸರವಿಲ್ಲ ಅಂತೀಯಲ್ಲ, ಅದು ಸುಳ್ಳು. ಅಳಿಲು ಸೇವೆ ಅಂತೀಯಲ್ಲ, ಅರವತ್ತು ಕಾರ್ಡು ಮಾಡಿದವಳು ಅಳಿಲೇನೇ? ಅದಿರಲಿ, ಅವರು ಏನು ಮಾಡಬೇಕು ಅಂತ ನೀನು ಕೇಳ್ತಿದ್ದೀಯ? ಎರಡರಲ್ಲೂ ಅದಿಲ್ಲ. ಏನು ಬೇಕು ಅಂತ ಬರೆಯದ ಅರ್ಜಿಗೆ ನಾವು ಏನು ಅಂತ ಆರ್ಡರ್ ಹಾಕೋದು?’

ಆ ಭಾನುವಾರ ನನಗೆ ವಿಷಯ ಅರ್ಥವಾಯಿತು. ಸಿಟ್ಟು ಇಡೀ ಪತ್ರದಲ್ಲಿ ಹರಡಿಕೊಂಡಿರುವುದಿಲ್ಲ. ಅದು ಕೂರುವ ಜಾಗಗಳು ಕೆಲವೇ. ಅವನ್ನು ಹುಡುಕಿ ತೆಗೆದರೆ ಉಳಿದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿದೆ: ಇದನ್ನು ನಾನು ಕೈಯಲ್ಲಿ ಹಿಡಿದು ತೋರಿಸಬಲ್ಲೆನೇ?

‘ಕದ್ದರು’ ಎಂಬುದನ್ನು ತೋರಿಸಲಾರೆ. ಅದು ಅವರ ಮನಸ್ಸಿನ ವಿಚಾರ. ‘ನನ್ನ ಹೆಸರು ಹೇಳದೆ ಮಂಡಿಸಿದರು’ ಎಂಬುದನ್ನು ತೋರಿಸಬಲ್ಲೆ, ಅಲ್ಲಿ ಇಡೀ ತಾಲ್ಲೂಕಿನ ಕನ್ನಡ ಶಿಕ್ಷಕರಿದ್ದರು. ‘ಯಾವಾಗಲೂ ಹೀಗೆಯೇ’ ಎಂದರೆ ಎಷ್ಟು ಸಲ, ಯಾವ ತಾರೀಕು? ನೆನಪಿಸಿಕೊಂಡರೆ ನನಗೆ ಸಿಕ್ಕಿದ್ದು ಇದೊಂದೇ ಸಲ. ಆ ಒಂದು ಪದ ಉಳಿದಿದ್ದರೆ ಅವರು ಅದನ್ನೇ ಹಿಡಿದು, ಹಿಂದೆ ಯಾವಾಗ ಹೀಗೆ ಮಾಡಿದ್ದೇನೆ ಹೇಳಿ ಎಂದು ಕೇಳುತ್ತಿದ್ದರು. ಕಾರ್ಡಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತೆಂಟು ವರ್ಷದ ದುಡಿಮೆ ನಿಜವೇ, ಆದರೆ ಕಾರ್ಡು ಮಾಡಿದ್ದು ಆರು ತಿಂಗಳಲ್ಲಿ. ಹೊಡೆದು ಹಾಕಿದೆ. ‘ನೀವೂ ಗೊತ್ತಿದ್ದೂ ಸುಮ್ಮನಿದ್ದೀರಿ’ ಎಂಬುದು ಎಲ್ಲಕ್ಕಿಂತ ಅವಿವೇಕ. ಯಾರಿಂದ ತಿದ್ದುಪಡಿ ಬೇಕೋ ಅವರನ್ನೇ ಎದುರಾಳಿ ಮಾಡಿಕೊಳ್ಳುವುದು. ಕೊನೆಯ ‘ಹೃತ್ಪೂರ್ವಕ ಅಭಿನಂದನೆ’ಯಲ್ಲಿ ಕೆಟ್ಟ ಮಾತು ಒಂದೂ ಇಲ್ಲ, ಆದರೂ ವಿಷವೆಲ್ಲ ಅಲ್ಲೇ ಇತ್ತು. ಬರೆದವಳಿಗೆ ಚುರುಕಾಗಿ ಕಂಡದ್ದು ಓದುವವರಿಗೆ ಬರೀ ಹೊಟ್ಟೆಕಿಚ್ಚಾಗಿ ಕಾಣುತ್ತದೆ.

ವಿಳಾಸದ ಜಾಗದಲ್ಲೂ ಸಿಟ್ಟು ಕೂತಿತ್ತು. ಬಿ.ಇ.ಓ. ಅವರನ್ನು ಸೇರಿಸಿದ್ದು ಮಾಹಿತಿಗಾಗಿ ಅಲ್ಲ, ಹೆದರಿಸಲಿಕ್ಕೆ. ತೆಗೆದೆ. ಹತ್ತೊಂಬತ್ತು ಜನರನ್ನೂ ತೆಗೆದು ಮುಖ್ಯೋಪಾಧ್ಯಾಯರೊಬ್ಬರನ್ನು ಇಟ್ಟೆ. ಅದನ್ನೂ To ಜಾಗದಿಂದ ಅಳಿಸಿಟ್ಟು, ಎಲ್ಲ ಮುಗಿದ ಮೇಲೆ ತುಂಬಿದೆ. ವಿಳಾಸವಿಲ್ಲದ ಪತ್ರ ಕೈತಪ್ಪಿ ಹೋಗಲಾರದು.

ಮೃದು ಪತ್ರಕ್ಕೂ ಇದೇ ಜರಡಿ ಹಿಡಿದೆ. ‘ತಪ್ಪು ತಿಳಿಯಬೇಡಿ’, ‘ಸಣ್ಣ ವಿಷಯ’, ‘ಅಳಿಲು ಸೇವೆ’ ಇವೂ ತೋರಿಸಲಾಗದ ಮಾತುಗಳೇ. ಅವನ್ನೂ ಹೊಡೆದು ಹಾಕಿದೆ. ಆಮೇಲೆ ಸಿಟ್ಟು ನನ್ನಿಂದ ಬಿಡಿಸಿದ್ದ ಒಂದು ಸತ್ಯವನ್ನು ಸೇರಿಸಿದೆ. ಟೈಪ್ ಮಾಡಿಕೊಟ್ಟವರು ಅವರು. ಅದನ್ನು ಬರೆಯಲು ಕೈ ಬರಲಿಲ್ಲ. ಆದರೆ ನಾನು ಬರೆಯದಿದ್ದರೆ ಅವರು ಹೇಳುತ್ತಾರೆ, ಆಗ ನಾನೇ ಮುಚ್ಚಿಟ್ಟವಳಾಗುತ್ತೇನೆ.

ನೇರವಾಗಿ ಅವರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಾ? ಸ್ಟಾಫ್ ರೂಮಿನಲ್ಲಿ ಬಾಯಿಮಾತಿಗೆ ಹೇಳಿಕೊಂಡಿದ್ದರೆ ಬಾಯಿಮಾತೇ ಸಾಕಿತ್ತು. ಹತ್ತೊಂಬತ್ತು ಜನಕ್ಕೆ ಬರಹದಲ್ಲಿ ಹೋದದ್ದು ಬರಹದಲ್ಲೇ ತಿದ್ದಬೇಕು. ಆದರೂ ಸೋಮವಾರ ಬೆಳಿಗ್ಗೆ ಅವರಿಗೆ, ‘ನಾನು ಸಾರ್‌ಗೆ ಈ ಬಗ್ಗೆ ಬರೆಯುತ್ತಿದ್ದೇನೆ,’ ಎಂದು ಹೇಳಿದೆ. ‘ನಿಮ್ಮ ಹೆಸರು ಹೇಳಬೇಕೂಂತಲೇ ಇದ್ದೆ ಮೇಡಂ, ಟೈಮ್ ಸಾಲಲಿಲ್ಲ,’ ಎಂದರು. ನಿಜವೋ ಸುಳ್ಳೋ ನಾನರಿಯೆ. ಹೆಸರು ಹೇಳಲು ಎಷ್ಟು ಟೈಮ್ ಬೇಕು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ‘ಕದ್ದರು’ ಎಂಬ ಪತ್ರ ಹೋಗಿದ್ದರೆ ಈ ಒಂದು ಉತ್ತರ ಅದನ್ನು ಕೆಡವಲು ಸಾಕಿತ್ತು. ಮಧ್ಯಾಹ್ನ ಕಳಿಸಿದ ಪತ್ರ ಇದು.

‘ಮಾನ್ಯರೇ, ಶನಿವಾರದ ತಮ್ಮ ಇ-ಮೇಲ್‌ನಲ್ಲಿ ಓದುಕಾರ್ಡುಗಳನ್ನು ರೂಪಿಸಿದವರ ಹೆಸರು ತಪ್ಪಾಗಿ ಬಂದಿದೆ. ಆ ಅರವತ್ತು ಕಾರ್ಡುಗಳನ್ನು ಜೂನ್‌ನಿಂದ ನಾನು ತಯಾರಿಸಿದೆ. ಜೂನ್ 12ರಂದು ನಾನು ಸಲ್ಲಿಸಿದ ಯೋಜನೆಗೆ ತಮ್ಮ ಸಹಿ ಇದೆ. ಕೈಬರಹದ ಮೂಲ ಕಾರ್ಡುಗಳೂ ಹದಿನೇಳು ಮಕ್ಕಳ ಪ್ರಗತಿಯ ನೋಟ್‌ಬುಕ್ಕೂ ನನ್ನಲ್ಲಿವೆ. ಸಹೋದ್ಯೋಗಿಗಳು ಕಾರ್ಡುಗಳನ್ನು ಟೈಪ್ ಮಾಡಿಕೊಟ್ಟರು ಮತ್ತು ಕಾರ್ಯಾಗಾರದಲ್ಲಿ ಮಂಡಿಸಿದರು. ಮಂಡನೆಯಲ್ಲಿ ನನ್ನ ಹೆಸರು ಬರಲಿಲ್ಲ. ಇದರಿಂದ ನನಗೆ ನೋವಾಗಿದೆ. ಮೊದಲಿನ ಇ-ಮೇಲ್ ಹೋದ ಎಲ್ಲರಿಗೂ ಈ ವಾರದೊಳಗೆ ಒಂದು ತಿದ್ದುಪಡಿ ಕಳಿಸಬೇಕೆಂದು ಕೋರುತ್ತೇನೆ.’

ಕಳಿಸುವ ಮುಂಚೆ ಕೊನೆಯದಾಗಿ ಒಂದು ಪರೀಕ್ಷೆ ಮಾಡಿದೆ. ಇಂಥ ಪತ್ರಗಳು ಯಾರ ಬಗ್ಗೆ ಬರೆದದ್ದೋ ಅವರ ಕೈಗೆ ಒಂದಲ್ಲ ಒಂದು ದಿನ ತಲುಪುತ್ತವೆ. ಅವರು ಇದನ್ನು ನನ್ನೆದುರಿಗೇ ಗಟ್ಟಿಯಾಗಿ ಓದಿದರೆ ಯಾವ ಸಾಲಿಗೆ ನಾನು ತಲೆ ತಗ್ಗಿಸಬೇಕು? ಒಂದಕ್ಕೂ ಇಲ್ಲ. ನೋವಾಗಿದೆ ಎಂಬ ಸಾಲನ್ನೂ ತೆಗೆಯಲೇ ಎಂದು ಅಕ್ಕನನ್ನು ಕೇಳಿದ್ದೆ. ‘ಆಗಿಲ್ಲವೇನೇ? ಇರಲಿ ಬಿಡು,’ ಎಂದಿದ್ದಳು.

ಗುರುವಾರ ತಿದ್ದುಪಡಿ ಬಂತು. ರೂಪಿಸಿದವರು ಇಂಥವರು, ಮಂಡಿಸಿದವರು ಇಂಥವರು ಎಂದು ಎರಡೇ ಸಾಲು. ಕಾರ್ಯಾಗಾರದ ವರದಿಯಲ್ಲಿ ಮಾತ್ರ ಅವರ ಹೆಸರೇ ಉಳಿಯಿತು, ಅದು ಆಗಲೇ ಅಚ್ಚಾಗಿತ್ತು. ಸಹೋದ್ಯೋಗಿ ಹದಿನೈದು ದಿನ ನನ್ನೊಂದಿಗೆ ಮಾತಾಡಲಿಲ್ಲ. ‘ಇಷ್ಟಕ್ಕೆಲ್ಲ ಪತ್ರ ಬರೆಯಬೇಕಿತ್ತೇ?’ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬಿಬ್ಬರು ಗೊಣಗಿದರು. ಸಿಟ್ಟಿಲ್ಲದ ಪತ್ರ ಬರೆದರೂ ಹೆಂಗಸು ಬರೆದದ್ದಾದರೆ ಅದರಲ್ಲಿ ಸಿಟ್ಟು ಹುಡುಕುವವರು ಇದ್ದೇ ಇರುತ್ತಾರೆ. ಅವರಿಗೆ ಬೇಕಾದದ್ದು ಮೃದುವಾದ ಪತ್ರವಲ್ಲ, ಬಾರದ ಪತ್ರ.

ನನ್ನ ಸಿಟ್ಟು ಎಲ್ಲಿ ಹೋಯಿತು ಎಂದು ಕೇಳಬೇಡಿ. ಅದು ನನ್ನಲ್ಲೇ ಇದೆ. ಗಂಜಿ ಬಸಿಯುವುದು ಅನ್ನ ಉದುರುದುರಾಗಿ ಎಲೆಗೆ ಬರಲಿ ಎಂದು. ಬಸಿದ ಗಂಜಿಯನ್ನು ಯಾರೂ ಎಲೆಗೆ ಬಡಿಸುವುದಿಲ್ಲ. ಆದರೆ ಗಂಜಿಯ ಹೆದರಿಕೆಯಲ್ಲಿ ಅನ್ನವನ್ನೇ ಬಚ್ಚಲಿಗೆ ಸುರಿದು, ಖಾಲಿ ಪಾತ್ರೆ ಹಿಡಿದು ನಗುತ್ತ ನಿಲ್ಲುವುದನ್ನು ತಾಳ್ಮೆ ಎನ್ನಲು ನಾನಂತೂ ತಯಾರಿಲ್ಲ.